ಗೀಪು ಎಂಬ ಕ್ರಿಯಾಪದ

ಗೀಪು ಎಂಬ ಕ್ರಿಯಾಪದ ಯಾವ ನಿಘಂಟಿನಲ್ಲೂ ಇಲ್ಲ. ಅದನ್ನು ಹುಟ್ಟಿಸಿದವಳು ಮಕ್ಕಳ ಭಾಷೆಯ ಪ್ರಯೋಗಾಲಯದ ಸಂಶೋಧಕಿ, ಸಣಕಲು ಮೈಯವಳೆಂದು ಅಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಕಡ್ಡಿ ಎಂದು. ಬಟ್ಟೆಯ ಆನೆಯೊಂದು ತಲೆಯಿಂದ ಡಬ್ಬಿಯನ್ನು ಗುದ್ದಿ ಉರುಳಿಸುತ್ತದಲ್ಲ, ಅದು ಗೀಪುವುದು. ಎರಡು ವರ್ಷದ ಮಗುವಿಗೆ 'ಆನೆ, ಗೀಪು' ಎಂಬ ಒಂದೇ ರೂಪವನ್ನು ಮತ್ತೆ ಮತ್ತೆ ಕೇಳಿಸಿ, ಆಮೇಲೆ 'ಆನೆ ಏನ್ ಮಾಡ್ತು?' ಎಂದು ಕೇಳಬೇಕು. ಬಿತ್ತು, ಓಡಿತು ಎನ್ನುವ ಮಗು ಅವನ್ನು ಇಡಿಯಾಗಿ ಬಾಯಿಪಾಠ ಮಾಡಿರಬಹುದು. ಆದರೆ ಎಂದೂ ಕೇಳದ 'ಗೀಪಿತು' ಎಂದರೆ, ಅದನ್ನು ತಾನೇ ಕಟ್ಟಿರಬೇಕು.

ಅವಳ ಮಾರ್ಗದರ್ಶಕ ಮೇಷ್ಟ್ರು ಜೀವಮಾನವೆಲ್ಲ ಹೇಳಿಕೊಂಡು ಬಂದದ್ದು ಅದನ್ನೇ: ಎರಡು ವರ್ಷಕ್ಕೇ ಮಗುವಿನ ತಲೆಯಲ್ಲಿ ವ್ಯಾಕರಣದ ನಿಯಮ ಕೂತಿರುತ್ತದೆ. ಎದುರು ಕೋಣೆಯ ಮೇಡಂ ಒಪ್ಪುವವರಲ್ಲ. ಆ ವಯಸ್ಸಿಗೆ ನಿಯಮವೂ ಇಲ್ಲ ಗಿಯಮವೂ ಇಲ್ಲ, ಮಕ್ಕಳು ಒಂದೊಂದು ಕ್ರಿಯಾಪದವನ್ನೂ ಕೇಳಿದ ರೂಪದಲ್ಲೇ ಹಿಡಿದಿರುತ್ತವೆ, ಸಾಮ್ಯ ಕಾಣುವುದು ನಿಧಾನಕ್ಕೆ ಎನ್ನುತ್ತಿದ್ದರು. ಇಬ್ಬರೂ ಕಾರಿಡಾರಿನಲ್ಲಿ ಎದುರಾದರೆ ಗೋಡೆ ನೋಡಿಕೊಂಡು ಹೋಗುತ್ತಿದ್ದರು.

ಹೆಚ್ಚಿನ ಮಕ್ಕಳು 'ಗೀಪು' ಎಂದಷ್ಟೇ ಹೇಳಿದವು. ಕೆಲವು ಜಾಣತನದಿಂದ 'ಬಿತ್ತು' ಎಂದು ತಪ್ಪಿಸಿಕೊಂಡವು. ಕೆಳಮಹಡಿಯ ಶಿಶುವಿಹಾರದ ಪುಟ್ಟಿ ಮಾತ್ರ ಆನೆಯನ್ನು ಕಿತ್ತುಕೊಂಡು, 'ಗೀಪಿತು' ಎಂದಳು. ಸಾಲದ್ದಕ್ಕೆ 'ನಾನೂ ಗೀಪ್ತೀನಿ' ಎಂದಳು. ಮೇಷ್ಟ್ರು ಕುರ್ಚಿಯಿಂದ ಎದ್ದೇಬಿಟ್ಟರು. ಸಂಜೆಯೊಳಗೆ ವಿಚಾರಗೋಷ್ಠಿ ನಿಗದಿಯಾಯಿತು. ಕಡ್ಡಿಯ ಪಿಎಚ್‌ಡಿ ಪ್ರಬಂಧಕ್ಕೂ ಈ ತಿಂಗಳೇ ಸಹಿ ಎಂದರು. ಕೂಸು ಹುಟ್ಟೋಕೆ ಮುಂಚೆ ಕುಲಾವಿ. ಅವಳಿಗೂ ಖುಷಿಯೇ, ನಿಯಮದ ಪಕ್ಷ ಅವಳದೂ ಆಗಿತ್ತು, ಮನೆಗೆ ಫೋನು ಮಾಡಿ ಅಮ್ಮನಿಗೆ 'ಮುಗೀತಮ್ಮ' ಎಂದು ಹೇಳಿಯೂ ಆಗಿತ್ತು.

ಮರುದಿನ, ಪುಟ್ಟಿ ಮರೆತುಹೋದ ಟೋಪಿ ಕೊಡಲು ಕಡ್ಡಿ ಶಿಶುವಿಹಾರಕ್ಕೆ ಇಳಿದಳು. ಒಳಗೆ ಒಬ್ಬ ಪೋರ ಇನ್ನೊಬ್ಬನ ಮರದ ಗೋಪುರ ಕೆಡವಿ ಓಡಿದ. ಕೆಡವಿಸಿಕೊಂಡವನು ಅಳುತ್ತಾ, 'ಯಾರಯ್ಯ ಗೀಪಿದ್ದು?' ಎಂದ. ಆ 'ಅಯ್ಯ' ಎಳೆಯುವ ರಾಗ ಸಾಕ್ಷಾತ್ ಮೇಷ್ಟ್ರದು.

ಅವಳಿಗೆ ಎಲ್ಲವೂ ತಿಳಿದುಹೋಯಿತು. ಪ್ರಯೋಗಾಲಯದವರು ಊಟಕ್ಕೆ ಕೂರುವುದು ಶಿಶುವಿಹಾರದ ಜಗುಲಿಯಲ್ಲೇ. ಮೇಷ್ಟ್ರಿಗೆ ಆ ಪದದ ಮೇಲೆ ಅದೇನು ಮೋಹವೋ, ಕಾಫಿ ಕಪ್ಪು ಉರುಳಿದರೆ ಗೀಪಿತು, ಬಾಗಿಲು ತಳ್ಳಿದರೆ ಗೀಪಿದ, ಅರ್ಜಿ ವಾಪಸು ಬಂದರೆ ಗೀಪಿಬಿಟ್ಟರು. ಎಲ್ಲರೂ ನಕ್ಕಿದ್ದರು, ಅವಳೂ ನಕ್ಕಿದ್ದಳು. ಯಾರೂ ಕೇಳಬಾರದ ಪದವನ್ನು ಕಾಯಬೇಕಾದವರೇ ಕೂಗಿ ಹಂಚಿದ್ದರು, ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಅವಳು ಹೋಗಿ ಹೇಳಿದ್ದನ್ನು ಮೇಷ್ಟ್ರು ಸಾವಧಾನವಾಗಿ ಕೇಳಿಸಿಕೊಂಡರು. ಪುಟ್ಟಿ ಅದನ್ನು ಕೇಳಿದ್ದಳು ಎನ್ನುವುದಕ್ಕೆ ಪುರಾವೆ ಏನು, ತಾನೇ ಕಟ್ಟಿರಬಹುದಲ್ಲ ಎಂದರು. ಅವಳ ಮೈಯೆಲ್ಲ ಉರಿಯಿತು.

"ಕೇಳಿಲ್ಲ ಅಂತ ತೋರಿಸ್ಬೇಕಾದೋರು ನಾವು ಸರ್. ಪುರಾವೆ ಕೇಳ್ಬೇಕಾದೋರು ಬೇರೆಯವರು."

ಮೇಷ್ಟ್ರು ಕನ್ನಡಕ ಒರೆಸುತ್ತಾ, ಸಹಿ ಮಾಡುವ ಪೆನ್ನು ತಮ್ಮ ಜೇಬಿನಲ್ಲಿದೆ ಎಂಬುದನ್ನು ಬಹಳ ಮೃದುವಾಗಿ ನೆನಪಿಸಿದರು. ಇಷ್ಟು ದಿನ ಈ ಮನುಷ್ಯನಿಗೆ ಎದ್ದು ನಿಂತು ನಮಸ್ಕಾರ ಮಾಡಿದೆನಲ್ಲ ಎಂದು ಅವಳಿಗೆ ಹೇಸಿಗೆಯಾಯಿತು.

ಗೋಷ್ಠಿಯ ದಿನ ಕೋಣೆ ಕಿಕ್ಕಿರಿದಿತ್ತು. ಪರದೆಯ ಮೇಲೆ ಪುಟ್ಟಿ 'ಗೀಪಿತು' ಎಂದಾಗ ಜನ ಚಪ್ಪಾಳೆ ತಟ್ಟಿದರು. ಎದುರು ಕೋಣೆಯ ಮೇಡಂ ಎದ್ದು, ಮಗು ಈ ಪದವನ್ನು ಬೇರೆಲ್ಲೂ ಕೇಳಿರಲಿಲ್ಲ ತಾನೇ ಎಂದರು. ಮೇಷ್ಟ್ರು ನಗುತ್ತಾ, ಅದನ್ನು ನಮ್ಮ ಹುಡುಗಿಯೇ ಹೇಳುತ್ತಾಳೆ ಎಂದು ಕಡ್ಡಿಯ ಕಡೆ ಕೈ ಚಾಚಿದರು.

"ಕೇಳಿತ್ತು," ಎಂದಳು ಕಡ್ಡಿ. "ನಮ್ಮ ಬಾಯಿಂದಲೇ. ದಿನಾ ಊಟದ ಹೊತ್ತಲ್ಲಿ."

ಮೇಷ್ಟ್ರ ಚಾಚಿದ ಕೈ ಹಾಗೇ ನಿಂತಿತು. ಮೇಡಂ ಮುಖ ಅರಳಿತು. ಹಾಗಾದರೆ ನಾನು ಹೇಳಿದ್ದೇ ಸರಿಯಾಯಿತು, ಮಕ್ಕಳು ಕೇಳಿದ್ದನ್ನಷ್ಟೇ ಹೇಳುತ್ತವೆ ಎಂದು ಸುತ್ತ ನೋಡಿದರು. ಕಡ್ಡಿಗೆ ಅದನ್ನೂ ತಡೆದುಕೊಳ್ಳಲಾಗಲಿಲ್ಲ.

"ಇಲ್ಲ ಮೇಡಂ, ನೀವೂ ಗೆದ್ದಿಲ್ಲ. ಕೇಳದೇ ಇದ್ದಿದ್ರೆ ಆ ಮಗು ಏನ್ ಹೇಳ್ತಿತ್ತೋ ಯಾರಿಗೂ ಗೊತ್ತಿಲ್ಲ. ಗೊತ್ತಾಗೋ ದಾರೀನ ನಾವೇ ಹಾಳು ಮಾಡಿದ್ವಿ."

ಸಹಿ ಆಗಲಿಲ್ಲ. ಇನ್ನೊಂದು ವರ್ಷ ಬೇಕು ಎಂದಾಗ ಅಮ್ಮ ಫೋನಿನಲ್ಲಿ ನಿಟ್ಟುಸಿರು ಬಿಟ್ಟಳು. ಕಡ್ಡಿ ಬೇರೆ ಬೀದಿಯ ಶಿಶುವಿಹಾರವೊಂದನ್ನು ಹುಡುಕಿ, ಹೊಸ ಪದ ಕಟ್ಟಿ, ಆನೆಯನ್ನು ಬ್ಯಾಗಿಗೆ ತುಂಬಿಕೊಂಡಳು. ಬಾಗಿಲಲ್ಲಿ ಮೇಷ್ಟ್ರು ಎದುರಾದರು. ಮುನಿಸು ಇನ್ನೂ ಇಳಿದಿರಲಿಲ್ಲ, ಆದರೂ ಕುತೂಹಲ ಕೇಳಬೇಕಲ್ಲ.

"ಈ ಸಲ ಏನಮ್ಮ ಪದ?"

"ಅದನ್ನ ನಿಮ್ಮ ಹತ್ರ ಹೇಳೋ ಹಾಗಿಲ್ಲ ಸರ್," ಎಂದು ಅವಳು ಮೆಟ್ಟಿಲಿಳಿದಳು.