ಪರದೆಯಲ್ಲಿ ಕಂಡಷ್ಟು

ಸ್ಕ್ರೀನ್‌ಶಾಟ್ ಮೂರನೇ ಸಲವೂ ಅಪ್‌ಲೋಡ್ ಆಗದಿದ್ದಾಗ, ಹಿರಿಯ ನರ್ಸ್ ವಾರ್ಡಿನ ಫೋನಿನಿಂದ, ರೋಗಿಗಳ ವಿವರ ದಾಖಲಿಸುವ ಆ್ಯಪ್ ಮಾಡಿದ ಹುಡುಗಿಗೇ ಕರೆ ಮಾಡಿದಳು. “ಉಳಿದವರದ್ದೆಲ್ಲ ಸರಿಯಿದೆ, ನಿನ್ನ ರೋಗಿಗಳ ಬಿಪಿ ಮಾತ್ರ ಖಾಲಿ” ಎಂದು ಮೇಟ್ರನ್ ಎಲ್ಲರೆದುರು ಬೈದದ್ದು ಅವಳಿಗೆ ಮುಳ್ಳಿನಂತೆ ಚುಚ್ಚುತ್ತಿತ್ತು. ಅವಳು ಒಂದು ದಿನವೂ ಬರೆಯುವುದನ್ನು ತಪ್ಪಿಸಿರಲಿಲ್ಲ.

“ಚಿತ್ರ ಹೋಗ್ಲಿ ಬಿಡಿ ಅಕ್ಕ. ಮೇಲಿಂದ ಕೆಳಗೆ ಏನೇನಿದೆ, ಓದ್ತಾ ಹೋಗಿ.”

“ಎಡಗಡೆ ಹಿಂದಕ್ಕೆ ಹೋಗೋ ಬಾಣ. ಪಕ್ಕದಲ್ಲಿ ‘ರಕ್ತದೊತ್ತಡ’. ಕೆಳಗೆ ‘ಮೇಲಿನ ಅಂಕಿ’, ‘ಕೆಳಗಿನ ಅಂಕಿ’ ಅಂತ ಎರಡು ಚೌಕ. ಆಮೇಲೆ ‘ಸಮಯ’. ಮುಗೀತು.”

“ಅದರ ಕೆಳಗೆ ‘ಉಳಿಸಿ’ ಅಂತ ಹಸಿರು ಬಟನ್?”

“ಹಸಿರೂ ಇಲ್ಲ, ಹಳದೀನೂ ಇಲ್ಲ ತಂಗಿ. ಬರೆದು, ಬಾಣ ಒತ್ತಿ ಆಚೆ ಬರ್ತೀನಿ.”

“ಮೇಲಕ್ಕೆ ಸರಿಸಿ ನೋಡಿ.”

“ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ.”

“ಫೋನಲ್ಲಿ ಅಕ್ಷರ ದೊಡ್ಡದು ಮಾಡ್ಕೊಂಡಿದ್ದೀರಾ?”

“ಐವತ್ತೈದಾಯ್ತಲ್ಲಮ್ಮ, ಕಣ್ಣು ಕೇಳ್ಬೇಕಲ್ಲ!”

ಹುಡುಗಿ ತನ್ನ ಫೋನಿನಲ್ಲೂ ಅಕ್ಷರ ದೊಡ್ಡದು ಮಾಡಿದಳು. “ಅಯ್ಯೋ, ಇಲ್ಲೂ ಬಟನ್ ಪರದೆಯಿಂದ ಕೆಳಗೆ ಹೋಗ್ಬಿಡ್ತು. ತಪ್ಪು ನಮ್ಮದೇ ಅಕ್ಕ, ಇವತ್ತೇ ಸರಿಮಾಡ್ತೀವಿ.”

ಅಷ್ಟರಲ್ಲಿ ಮೇಟ್ರನ್ ಒಳಗೆ ಬಂದಳು. “ಒಂದು ನಿಮಿಷ ಇರು ತಾಯಿ,” ಎಂದ ನರ್ಸ್ ರಿಸೀವರನ್ನು ಅವಳತ್ತ ಚಾಚಿದಳು. “ಈಗ ಹೇಳಿದ್ದನ್ನ ಇವರಿಗೂ ಒಂದ್ಸಲ ಹೇಳಿಬಿಡು.”