ರಾತ್ರಿ ಪಾಳಿ ಬೇಡ ಎಂದು ಬರೆಯುವುದು

ಅವಳಿಗೆ ಕೇಳಿ ಪಡೆಯುವ ಅಭ್ಯಾಸ ಇರಲಿಲ್ಲ. ಸಣ್ಣ ಕ್ಲಿನಿಕ್ಕೊಂದರಲ್ಲಿ ಒಂಬತ್ತು ವರ್ಷ ಎಕ್ಸ್‌ರೇ ತೆಗೆದಿದ್ದಳು, ಕೊಟ್ಟಷ್ಟು ತೆಗೆದುಕೊಂಡಿದ್ದಳು. ಈಗ ಆ ಕ್ಲಿನಿಕ್ಕು ಮುಚ್ಚುತ್ತಿತ್ತು. ದೊಡ್ಡ ಆಸ್ಪತ್ರೆಯಿಂದ ಇಮೇಲಿನಲ್ಲಿ ಆಫರ್ ಬಂದಿತ್ತು. ಶುಕ್ರವಾರದೊಳಗೆ ಉತ್ತರ ಕೊಡಬೇಕು. ಸಂಬಳದ ಬಗ್ಗೆ ತಕರಾರಿರಲಿಲ್ಲ. ಎರಡನೇ ಪುಟದಲ್ಲಿ ಮಾತ್ರ, ಪಾಳಿಗಳು ಬದಲಾಗುತ್ತಿರುತ್ತವೆ, ರಾತ್ರಿ ಪಾಳಿಯೂ ಸೇರಿ, ಎಂದಿತ್ತು.

ಗಂಡ ಪತ್ರಿಕೆ ಅಚ್ಚಾಗುವ ಪ್ರೆಸ್ಸಿನಲ್ಲಿದ್ದ. ಭಾನುವಾರವೊಂದನ್ನು ಬಿಟ್ಟು ಉಳಿದ ರಾತ್ರಿಯೆಲ್ಲ ಅವನದು ಮಷಿನ್ನಿನ ಜೊತೆ. ಮಗಳಿಗೆ ನಾಲ್ಕು ವರ್ಷ, ವಾರದ ದಿನಗಳಲ್ಲಿ ಹಗಲು ಡೇಕೇರಿನಲ್ಲಿರುತ್ತಿದ್ದಳು. ಗಂಡ ಹೆಂಡತಿ ಇಬ್ಬರೂ ಹೊರಗಿದ್ದರೆ ರಾತ್ರಿ ಮಗುವಿನ ಪಕ್ಕ ಮಲಗುವವರು ಯಾರೂ ಇರಲಿಲ್ಲ.

ಬುಧವಾರ ಸಂಜೆ ನಾದಿನಿ ಬಂದಳು. ಅವಳು ಒಂದು ಕಾಲೇಜಿನ ಕಚೇರಿಯಲ್ಲಿ ನೇಮಕಾತಿ ನೋಡಿಕೊಳ್ಳುವವಳು. ಇಂಥ ಪತ್ರಗಳು ದಿನವೂ ಅವಳ ಕೈ ದಾಟುತ್ತಿದ್ದವು. ಅತ್ತಿಗೆ ಆಸ್ಪತ್ರೆಗೆಂದು ಬರೆದಿಟ್ಟ ಉತ್ತರವನ್ನು ಫೋನಿನಲ್ಲಿ ಓದಿದಳು.

"'ದಯವಿಟ್ಟು ಅನ್ಯಥಾ ಭಾವಿಸಬಾರದು, ತಮಗೆ ತೊಂದರೆಯಾಗದಿದ್ದರೆ, ಸಾಧ್ಯವಾದರೆ...' ಅತ್ತಿಗೆ, ಒಂದೇ ಸಾಲಲ್ಲಿ ಮೂರು ಸಲ ಕಾಲಿಗೆ ಬಿದ್ದಿದ್ದೀರ. ಎದ್ದು ನಿಂತು ಏನು ಕೇಳ್ತೀರ ಅಂತ ಕಾಯ್ತಾ ಇದೀನಿ."

"ಕೆಳಗಿದೆ ನೋಡು. ನಾಲ್ಕು ಬರೆದಿದೀನಿ."

ಸಂಬಳ ಸ್ವಲ್ಪ ಹೆಚ್ಚು, ಸೀನಿಯರ್ ಅನ್ನುವ ಹುದ್ದೆ, ಒಂದು ವಾರ ತಡವಾಗಿ ಸೇರುವುದು. ಕೊನೆಯಲ್ಲಿ ರಾತ್ರಿ ಪಾಳಿ.

"ನಾನೇ ಹೇಳಿದ್ದು," ಎಂದ ಗಂಡ, ಡ್ಯೂಟಿಗೆ ಹೊರಡಲು ಶೂ ಹಾಕಿಕೊಳ್ಳುತ್ತ. "ನಾಲ್ಕು ಕೇಳಿದ್ರೆ ಎರಡಾದ್ರೂ ಕೊಡ್ತಾರೆ."

"ಯಾವ ಎರಡು ಅಂತ ಅವರು ಆರಿಸ್ತಾರಣ್ಣ. ಅವರ ಜಾಗದಲ್ಲಿ ನಾನಿದ್ರೆ ಒಂದು ವಾರ ತಡ ಆಗ್ಲಿ ಅಂತೀನಿ, ಸೀನಿಯರ್ ಅಂತ ಬರ್ಕೊಡ್ತೀನಿ. ಖರ್ಚಿಲ್ಲ. ಆಮೇಲೆ, ಅರ್ಧ ಕೊಟ್ಟಾಯ್ತಲ್ಲ ಅಂತೀನಿ."

"ಬೇರೆ ಆಸ್ಪತ್ರೆಯವರೂ ಕರೆದಿದಾರೆ ಅಂತ ಬರೆದ್ರೆ?"

"ಯಾವುದು ಅಂತ ಕೇಳಿದ್ರೆ ನಿನ್ನ ಪ್ರೆಸ್ಸಿನ ಹೆಸರು ಹೇಳ್ತೀಯಾ?"

ಅತ್ತಿಗೆ ನಗಲಿಲ್ಲ. ಫೋನು ತೆಗೆದುಕೊಂಡು ಸಂಬಳದ ಸಾಲು ಅಳಿಸಿದಳು, ತಡವಾಗಿ ಸೇರುವ ಸಾಲನ್ನೂ. ಸೀನಿಯರ್ ಎಂಬಲ್ಲಿ ಬೆರಳು ಸ್ವಲ್ಪ ಹೊತ್ತು ನಿಂತಿತು. ಅದನ್ನೂ ಅಳಿಸಿದಳು.

"ರಾತ್ರಿ ಬೇಡ ಅಂದ್ರೆ ಆ ಪಾಳಿ ಬೇರೆ ಯಾರ್ದೋ ತಲೆ ಮೇಲೆ ಬೀಳುತ್ತೆ," ಎಂದಳು. "ಬರೀ ಮಗು ಇದೆ ಅಂದ್ರೆ ಅಲ್ಲಿ ಯಾರಿಗೆ ಮಗು ಇಲ್ಲ? ಬದಲಿಗೆ ಏನಾದ್ರೂ ಕೊಡಬೇಕು. ಎಕ್ಸ್‌ರೇಲಿ ಭಾನುವಾರಕ್ಕೆ ಜನ ಸಿಗೋದೇ ಕಷ್ಟ. ತಿಂಗಳಿಗೆ ಎರಡು ಭಾನುವಾರ ಬರ್ತೀನಿ ಅಂತೀನಿ."

ಗಂಡ ಶೂಲೇಸು ಕಟ್ಟುವುದನ್ನು ನಿಲ್ಲಿಸಿದ. "ನಂಗೆ ರಜಾ ಇರೋದೇ ಭಾನುವಾರ ಕಣೇ."

"ಅದಕ್ಕೇ ರೀ. ಡೇಕೇರಿಗೂ ಅವತ್ತೇ ರಜಾ, ಮಗು ನೋಡ್ಕೊಳ್ಳೋಕೆ ನೀವು ಇರೋದೂ ಅವತ್ತೇ."

ಅವನು ಲೇಸು ಬಿಗಿದು ಹೊರಟುಹೋದ. ನಾದಿನಿ ಎರಡು ಮಾತು ತಿದ್ದಿದಳು. ಗುರುವಾರ ಬೆಳಿಗ್ಗೆ ಹೋದದ್ದು ಇಷ್ಟು:

'ಆಫರಿಗೆ ಧನ್ಯವಾದಗಳು. ಈ ಕೆಲಸಕ್ಕೆ ಸೇರಲು ನನಗೆ ಇಷ್ಟವಿದೆ. ಒಂದು ಬದಲಾವಣೆ ಕೇಳುತ್ತಿದ್ದೇನೆ: ನನ್ನನ್ನು ರಾತ್ರಿ ಪಾಳಿಯಿಂದ ಬಿಟ್ಟು ಹಗಲು ಪಾಳಿಗೆ ಮಾತ್ರ ಹಾಕಬೇಕು. ರಾತ್ರಿ ಮನೆಯಲ್ಲಿ ಮಗುವಿನ ಜೊತೆ ಬೇರೆ ಯಾರೂ ಇರುವುದಿಲ್ಲ. ಇದಕ್ಕೆ ಬದಲಾಗಿ ತಿಂಗಳಲ್ಲಿ ಎರಡು ಭಾನುವಾರ ಕೆಲಸ ಮಾಡಲು ಸಿದ್ಧಳಿದ್ದೇನೆ. ಈ ಬದಲಾವಣೆ ಸೇರಿಸಿದ ಪತ್ರ ಬಂದ ದಿನವೇ ಸಹಿ ಮಾಡಿ ಕಳಿಸುತ್ತೇನೆ.'

ಮಧ್ಯಾಹ್ನ ಆಸ್ಪತ್ರೆಯ ನೇಮಕಾತಿಯಾಕೆ ಫೋನು ಮಾಡಿದಳು. "ಆಯ್ತು ಮೇಡಂ, ನಾನು ಎಕ್ಸ್‌ರೇ ವಿಭಾಗದವರಿಗೆ ಹೇಳಿರ್ತೀನಿ. ನೀವು ಹಳೇ ಲೆಟರಿಗೇ ಸಹಿ ಹಾಕಿ."

"ತಿದ್ದಿದ ಲೆಟರ್ ಕಳಿಸಿ ಮೇಡಂ."

"ನನ್ನ ಮಾತಿನ ಮೇಲೆ ನಂಬಿಕೆ ಇಲ್ವಾ?"

"ನಿಮ್ಮ ಮೇಲಿದೆ. ನಾಳೆ ನಿಮ್ಮ ಸೀಟಲ್ಲಿ ಬೇರೆಯವರು ಕೂತ್ರೆ ಅವರಿಗೆ ನಾನು ಏನು ತೋರಿಸ್ಲಿ?"

"ಮೇಲಿನವರನ್ನ ಕೇಳಬೇಕು," ಎಂದು ಆಕೆ ಫೋನಿಟ್ಟಳು. ಆ ಸಂಜೆ ಉತ್ತರ ಬರಲಿಲ್ಲ. ಕೈಗೆ ಬಂದದ್ದನ್ನು ತಾನೇ ಕೆಡಿಸಿಕೊಂಡೆ ಅಂದುಕೊಂಡು ಅವಳು ಅನ್ನ ತಳಹಿಡಿಸಿದಳು.

ಶುಕ್ರವಾರ ಮಧ್ಯಾಹ್ನ ಹೊಸ ಪತ್ರ ಬಂತು. ಹಗಲು ಪಾಳಿ ಮಾತ್ರ ಎಂದು ಸ್ಪಷ್ಟವಾಗಿತ್ತು. ಎರಡು ಭಾನುವಾರ ಮೂರಾಗಿತ್ತು. ನಿದ್ದೆಯಲ್ಲಿದ್ದ ಗಂಡನನ್ನು ಎಬ್ಬಿಸಿ ತೋರಿಸಿದಳು.

"ಇನ್ನೊಂದ್ಸಲ ಬರೀಲಾ? ಎರಡೇ ಅಂತ?"

ಅವನು ಪತ್ರವನ್ನು ಕೊನೆಯವರೆಗೂ ಓದಿದ. "ಅವರಿಗೂ ಏನೋ ಸಿಕ್ಕಿದೆ ಅನ್ನಿಸ್ಲಿ ಬಿಡು. ರಾತ್ರಿ ಪಾಳಿ ಹೋಯ್ತಲ್ಲ, ಸಹಿ ಹಾಕು." ಗೋಡೆಯ ಕಡೆ ತಿರುಗಿ ಮಲಗಿದ.

ಸಹಿ ಹಾಕಿ ಕಳಿಸಿದಳು. ರಾತ್ರಿ ಪಾಳಿಯ ಭತ್ಯೆ ಹೋಯಿತು. ಸೀನಿಯರ್ ಅನ್ನುವುದು ಹೋಯಿತು. ತಿಂಗಳಿಗೆ ಮೂರು ಭಾನುವಾರ ಹೋದವು.