ಮೂರು ಕಂತು ಕೇಳಿದವಳು

ಇಮೇಲ್ ಕಳಿಸುವ ಮೊದಲು ಭಾನುಪ್ರಿಯ ಅದರಿಂದ 'ವಿನಯಪೂರ್ವಕವಾಗಿ ಬೇಡಿಕೊಳ್ಳುತ್ತೇನೆ' ಅನ್ನುವುದನ್ನು ಅಳಿಸಿದಳು. ಗೆಳತಿ ಶ್ವೇತ ಹಿಂದೆ ಎಂದೋ ರಜೆಗಾಗಿ ಬರೆದಿದ್ದ ಮಾದರಿ ಅದು, ತುಂಬ ಬಾಗಿ ಬರೆದದ್ದು. ಶ್ವೇತ ಈಗ ಎರಡು ವಾರದಿಂದ ಕಾಲೇಜಿಗೆ ಬಂದಿರಲಿಲ್ಲ. ಜ್ವರ ಅಂತ ಅವಳಪ್ಪ ಸ್ವಾಮಿ ಊರಲ್ಲೆಲ್ಲ ಹೇಳಿದ್ದ.

ಬೇಡಿಕೊಳ್ಳುವುದಕ್ಕೆ ಇದೇನು ಭಿಕ್ಷೆಯೇ ಅನ್ನುವುದು ಭಾನುವಿನ ವಾದ. ಕಾಲೇಜಿನ ನಿಯಮದ ಪುಸ್ತಕದಲ್ಲೇ ಅಚ್ಚಾಗಿದೆ: ಮನೆಯ ಆದಾಯ ಇದ್ದಕ್ಕಿದ್ದಂತೆ ನಿಂತುಹೋದರೆ ವಿದ್ಯಾರ್ಥಿ ತನ್ನ ಕಾಲೇಜಿನ ಇಮೇಲ್ ಐಡಿಯಿಂದ ರಿಜಿಸ್ಟ್ರಾರರಿಗೆ ಬರೆದು ಕಂತು ಕೇಳಬಹುದು. ಅವಳು ಕೇಳಿದ್ದೂ ಅಷ್ಟೇ. ಮನೆಯಲ್ಲಿ ರೇಷ್ಮೆ ಹುಳದ ಎರಡು ಬೆಳೆ ಸಾಲಾಗಿ ಹೋಗಿದೆ, ಪಕ್ಕದ ತೋಟದಲ್ಲಿ ಹೊಡೆದ ಔಷಧಿ ಗಾಳಿಯಲ್ಲಿ ಬಂದು ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತಿತ್ತು, ಈ ಸಲ ಫೀಸು ಒಟ್ಟಿಗೆ ಕಟ್ಟಲಾಗುವುದಿಲ್ಲ. ಒಂದು ಕಂತು ಈಗ, ಎರಡನೆಯದು ಮುಂದಿನ ಗೂಡು ಮಾರಿದ ಮೇಲೆ, ಮೂರನೆಯದು ಹಾಲ್ ಟಿಕೆಟ್ ಕೊಡುವ ಮೊದಲು. ಸಾಕಲು ಚಾಕಿ ಹುಳ, ಅಂದರೆ ಮರಿಹುಳ, ತಂದ ರಸೀದಿ, ಹಿಂದಿನ ಸೆಮಿಸ್ಟರಿನ ಫೀಸು ಕಟ್ಟಿದ ರಸೀದಿ ಲಗತ್ತಿಸಿ, ವಿಭಾಗದ ಮುಖ್ಯಸ್ಥರಿಗೂ ಒಂದು ಪ್ರತಿ ಹಾಕಿ ಕಳಿಸಿದಳು. ಈ ವಾರ ಇತ್ಯರ್ಥವಾಗದಿದ್ದರೆ ಪರೀಕ್ಷೆಗೆ ಹೆಸರು ನೋಂದಾಯಿಸುವ ಬಾಗಿಲು ಮುಚ್ಚುತ್ತದೆ, ಕೊನೆಯ ವರ್ಷ ಕೈಜಾರುತ್ತದೆ.

ಉತ್ತರ ಬಂತು: ಪುರಾವೆ ಸಾಲದು, ಶುಲ್ಕ ವಿಭಾಗದ ಸೂಪರಿಂಟೆಂಡೆಂಟರನ್ನು ಕಾಣುವುದು.

ಸೂಪರಿಂಟೆಂಡೆಂಟ್ ದೇವರಾಜ್ ಅವರದು ಭಾನುವಿನ ಊರಾದ ಹೊಂಗನೂರಿಗೆ ಪಕ್ಕದ ಹಳ್ಳಿ. ಕೆಟ್ಟ ಮನುಷ್ಯರೇನಲ್ಲ. ಕೂರಿಸಿ, ನೀರು ಕೊಡಿಸಿ, ಆಮೇಲೆ ಬೇಜಾರಿನಿಂದ ತಲೆಯಾಡಿಸಿದರು. ಆದಾಯ ಪ್ರಮಾಣಪತ್ರ ಹಳೆಯದು, ಬೆಳೆ ಚೆನ್ನಾಗಿದ್ದ ಕಾಲದ್ದು. ಹುಳ ತಂದ ರಸೀದಿ ಇದೆ, ಆದರೆ ಹುಳ ಸತ್ತದ್ದಕ್ಕೆ ಏನಿದೆ ಅಂದರು. ಸತ್ತ ಹುಳವನ್ನು ಅವತ್ತೇ ಸುಟ್ಟು, ಹುಳದ ಮನೆಯನ್ನು ಬ್ಲೀಚಿಂಗ್ ಪೌಡರಿನಲ್ಲಿ ತೊಳೆದಿದ್ದೇವೆ, ತೊಳೆಯದಿದ್ದರೆ ಮುಂದಿನ ಬೆಳೆಯೂ ಉಳಿಯುವುದಿಲ್ಲ ಅಂತ ಅವಳು ಹೇಳಿದಳು. ಅವರು ಸುತ್ತ ನೋಡಿ ದನಿ ತಗ್ಗಿಸಿದರು.

"ನೋಡವ್ವ, ನಂಗೂ ಊರಿನ ಸುದ್ದಿ ಬತ್ತದೆ. ಡೇರಿ ತಾವ ನಿಮ್ಮಪ್ಪ ಬೆಳೆ ಚೆನ್ನಾಗ್ ಬಂತು ಅಂದವ್ರಂತೆ. ಸ್ವಾಮಿನೇ ಹೇಳ್ದ. ಸುಳ್ಳು ಮಾಹಿತಿ ಕೊಟ್ರೆ ಕಂತೂ ಇಲ್ಲ, ಮೇಲೆ ಶಿಸ್ತುಕ್ರಮ. ಯಾರಾದ್ರೂ ದೊಡ್ಡೋರ ಒಂದು ಶಿಫಾರಸು ತತ್ತಾ, ನೋಡವ."

ಭಾನುವಿನ ಮೈಯೆಲ್ಲ ಉರಿಯಿತು. ಸಿಟ್ಟು ದೇವರಾಜರ ಮೇಲೆ ಅಲ್ಲ, ಅಪ್ಪನ ಮೇಲೆ. ಶಿಫಾರಸು ತರುವುದಿಲ್ಲ, ನಮ್ಮಪ್ಪನನ್ನೇ ಕರೆತರುತ್ತೇನೆ, ನಾಳೆ ರಿಜಿಸ್ಟ್ರಾರರ ಮುಂದೆ ಮಾತಾಡಲು ಸಮಯ ಕೊಡಿಸಿ ಎಂದು ಎದ್ದು ಬಂದಳು.

ಅಪ್ಪ ಅನಂತರಾಜು ಯಾಕೆ ಹಾಗೆ ಹೇಳಿದ ಅನ್ನುವುದು ಅವಳಿಗೆ ಗೊತ್ತಿಲ್ಲದ್ದಲ್ಲ. ಹುಳ ಸಾಕುವ ಮನೆಗಳಲ್ಲಿ ಅದೊಂದು ಕಟ್ಟಳೆ. ಹುಳ ಹಣ್ಣಾಗಿ ಗೂಡು ಕಟ್ಟುವ ತನಕ ಹೊರಗಿನವರನ್ನು ಒಳಗೆ ಬಿಡುವುದಿಲ್ಲ, ಹುಳ ಹೋದರೆ ಹೋಯ್ತು ಅಂತ ಬಾಯಿಬಿಟ್ಟು ಅನ್ನುವುದಿಲ್ಲ. ಅಂದರೆ ಕಣ್ಣು ಬೀಳುತ್ತದೆ, ಮುಂದಿನ ಬೆಳೆಯೂ ಕೈಗೆ ಹತ್ತುವುದಿಲ್ಲ. ಹಾಗಾಗಿ ಅನಂತರಾಜು ಹಾಲಿನ ಕ್ಯಾನು ಹಿಡಿದು ಡೇರಿ ಮುಂದೆ ನಿಂತು ನಗುನಗುತ್ತ ಬೆಳೆ ಚೆನ್ನಾಗಿದೆ ಅಂದಿದ್ದ. ರೇಷ್ಮೆ ಇಲಾಖೆಯವರು ಫೋನ್ ಮಾಡಿದಾಗಲೂ ಅದನ್ನೇ ಹೇಳಿದ್ದ. ಬಂದು ನೋಡಿ ಬರೆದುಕೊಡಬೇಕಾದವರು ಆಮೇಲೆ ಯಾಕೆ ಬರುತ್ತಾರೆ!

ಮನೆಯಲ್ಲಿ ಮಾತು ಬೆಳೆಯಿತು. ಹೇಳಿದ್ದನ್ನು ತಿರುಗಿಸಿ ಹೇಳಿದರೆ ನಾಳೆಯಿಂದ ಊರಲ್ಲಿ ತಲೆಯೆತ್ತಿ ಓಡಾಡುವುದು ಹೇಗೆ ಅಂದ ಅನಂತರಾಜು. ಈ ಒಂದು ಸಲ ಬೇರೆ ಏನಾದರೂ ಕಾರಣ ಬರಿ, ಹುಷಾರಿಲ್ಲ ಅಂತ ಬರಿ ಅಂದ. ಇಷ್ಟು ದಿನ ಗಂಡನ ಮಾತಿಗೆ ಎದುರಾಡದ ಕಾವೇರಮ್ಮ ಸೊಪ್ಪಿನ ಕುಡುಗೋಲು ಕೆಳಗಿಟ್ಟು ಎದ್ದಳು.

"ಸತ್ತ ಹುಳ ಬಾಚಿ ಸುಟ್ಟೋಳು ನಾನು. ನೀನ್ ಹೋಗ್ದಿದ್ರೆ ಬುಡು, ನಾನೇ ಹೋಗಿ ಹೇಳ್ತೀನಿ."

 ಬೆಳಿಗ್ಗೆ ಅನಂತರಾಜು ಇಸ್ತ್ರಿ ಅಂಗಿ ಹಾಕಿಕೊಂಡು ಬಸ್ಸಿಗೆ ಮಗಳಿಗಿಂತ ಮೊದಲೇ ಹೋಗಿ ನಿಂತ. 

ರಿಜಿಸ್ಟ್ರಾರ್ ಧನಲಕ್ಷ್ಮಿ ಮೇಡಂ ಇಮೇಲನ್ನು ಅಚ್ಚು ಹಾಕಿಸಿ ಮುಂದಿಟ್ಟುಕೊಂಡಿದ್ದರು. ಒಂದೊಂದೇ ಪ್ರಶ್ನೆ ಕೇಳಿದರು. ಕಂತಿನ ದಿನಗಳನ್ನು ಹೀಗೇಕೆ ಇಟ್ಟಿದ್ದೀಯ ಅಂದಾಗ ಭಾನು, ಗೂಡು ಮಾರಿದ ಮೇಲೆ ತಾನೇ ನಮ್ಮ ಕೈಗೆ ದುಡ್ಡು ಬರುವುದು, ಅದಕ್ಕೆ ಮೊದಲು ತೀರಿಸುತ್ತೇನೆ ಅಂದರೆ ಅದು ಸುಳ್ಳಾಗುತ್ತದೆ ಅಂದಳು. ಮೇಡಂ ಅನಂತರಾಜುವಿನ ಕಡೆ ತಿರುಗಿದರು.

"ನೀವು ಹೇಳಿ. ಬೆಳೆ ಹೇಗಾಯ್ತು?"

"ಚೆನ್ನಾಗೈತೆ ಮೇಡಂ," ಅಂದುಬಿಟ್ಟ ಅನಂತರಾಜು.

ವರ್ಷಗಟ್ಟಲೆ ಆಡಿ ಪಳಗಿದ ನಾಲಿಗೆ, ಯಜಮಾನನನ್ನು ಕೇಳದೆ ಹೊರಳಿತ್ತು. ಪಕ್ಕದಲ್ಲಿ ನಿಂತಿದ್ದ ದೇವರಾಜ್ ಕಣ್ಣು ಕೆಳಗೆ ಹಾಕಿದರು.  ಭಾನು ಅಳಲಿಲ್ಲ, ಕೈ ಮುಗಿಯಲಿಲ್ಲ. ಅಪ್ಪನ ಮುಖವನ್ನೇ ನೇರ ನೋಡಿದಳು.

"ಅಪ್ಪಾ, ನಾನು ಬರ್ದಿರೋದು ನಿಜ. ನೀನು ಇಲ್ಲ ಅಂದ್ರೂ ಅಳಿಸಲ್ಲ. ಸುಳ್ಳುಬುರುಕಿ ಅಂತ ಕಾಲೇಜಿಂದ ತೆಗ್ದುಹಾಕುದ್ರೆ ಹಾಕ್ಲಿ."

ಅನಂತರಾಜು ಕುರ್ಚಿಯಿಂದ ಎದ್ದು ನಿಂತ. ಅಂಗಿಯ ತುದಿಯನ್ನು ಹಿಂಡುತ್ತ ಬಾಯಿಬಿಟ್ಟ.

"ಹುಳ ಹೋಯ್ತು ಮೇಡಂ. ಎರಡ್ ಸಲಾನೂ ಹೋಯ್ತು. ಊರಿಗೆಲ್ಲ ಸುಳ್ ಹೇಳಿದ್ದು ನಾನು, ನನ್ ಮಗಳಲ್ಲ."

ಆಮೇಲಿನದೆಲ್ಲ ಕಚೇರಿಯ ಕೆಲಸ. ಅಪ್ಪನಿಂದ ಸ್ವಯಂ ಘೋಷಣೆ ಬರೆಸಿಕೊಂಡರು. ರೇಷ್ಮೆ ಇಲಾಖೆಯವರು ತೋಟ ನೋಡಿ ಕೊಡುವ ಪತ್ರವನ್ನು ವಾರದೊಳಗೆ ತರಬೇಕು, ಗೂಡಿನ ಮಾರುಕಟ್ಟೆಯಲ್ಲಿ ಈ ಎರಡು ಬೆಳೆ ಮಾರಿದ ದಾಖಲೆಯಿಲ್ಲವೆಂದು ಕೇಳಿ ತರಬೇಕು ಅಂದರು. ದಂಡವಿಲ್ಲ, ಕಂತು ತಪ್ಪಿದರೆ ಹಾಲ್ ಟಿಕೆಟ್ ಇಲ್ಲ. ಮೇಡಂ ಮೂರು ಕಂತಿಗೂ ಒಪ್ಪಿಗೆ ಬರೆದು, ದಿನಗಳನ್ನು ಭಾನು ಕೇಳಿದಂತೆಯೇ ಬಿಟ್ಟರು. ದೇವರಾಜ್ ಅಲ್ಲೇ ಪರೀಕ್ಷೆಗೆ ಹೆಸರು ಹತ್ತಿಸಿದರು.

ಸಂಜೆ ಊರಿಗಿಳಿದಾಗ ಡೇರಿ ಮುಂದೆ ಜನ ಇದ್ದರು. ಶ್ವೇತಳ ಅಪ್ಪ ಸ್ವಾಮಿ ದಿನದಂತೆ ಕೇಳಿದ, ಏನ್ಲಾ ಅನಂತ, ಬೆಳೆ ಹೆಂಗೈತೆ ಅಂತ. 

"ಹೋಯ್ತು ಕಣ್ಲಾ," ಅಂದ ಅನಂತರಾಜು. "ಔಷ್ದಿ ಸೊಪ್ ತಿಂದು ಎಲ್ಲಾ ಹೋಯ್ತು. ಮಗಳು ಕಂತಲ್ಲಿ ಫೀಸು ಕಟ್ತಾವ್ಳೆ."

ಯಾರೂ ನಗಲಿಲ್ಲ. ಸ್ವಾಮಿ ಖಾಲಿ ಕ್ಯಾನನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. ನಮ್ದೂ ಹೋಯ್ತು ಅಂದ. ಅವನ ಹಿಂದೆ ನಿಂತಿದ್ದವನೂ ಅದನ್ನೇ ಅಂದ. ಒಂದೇ ಗಾಳಿ ಬೀಸಿದ ಬೀದಿ ಅದು, ಎಲ್ಲರೂ ಬೆಳೆ ಚೆನ್ನಾಗಿದೆ ಅಂತ ಒಬ್ಬರಿಗೊಬ್ಬರು ಹೇಳಿಕೊಂಡು ಹಾಲು ಹಾಕಿ ಹೋಗುತ್ತಿದ್ದರು.

ಭಾನು ಸ್ವಾಮಿಯ ಮುಖ ನೋಡಿದಳು. ಶ್ವೇತಳದು ಫೀಸು ಕಟ್ಟಲಾಗದ ಜ್ವರವೆಂದು ಈಗ ಅವಳಿಗೆ ಹೊಳೆಯಿತು. ಮನೆಗೆ ಹೋಗದೆ ನೆಟ್ಟಗೆ ಶ್ವೇತಳ ಮನೆಗೆ ನಡೆದಳು. ಶ್ವೇತ ಜಗುಲಿಯಲ್ಲಿ ಆರೋಗ್ಯವಾಗಿಯೇ ಕೂತಿದ್ದಳು, ಇವಳನ್ನು ಕಂಡು ಎದ್ದು ಒಳಗೆ ಹೋಗಲು ನೋಡಿದಳು. ಭಾನು ಅವಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.

"ತೆಗಿ ಫೋನು. ಇನ್ನೂ ಬಾಗ್ಲು ಮುಚ್ಚಿಲ್ಲ. ಹುಳ ಹೋಯ್ತು ಅಂತಲೇ ಶುರು ಮಾಡು. ಬೇಡ್ಕೊಳ್ತೀನಿ ಅಂತ ಮಾತ್ರ ಬರೀಬೇಡ."